ಷರಾ ಕಾಲಂ

ಗಂಗಾಧರಯ್ಯ ಮೇಷ್ಟ್ರು 2017ರಲ್ಲಿ ರಿಟೈರ್ ಆದ ದಿನ ಸ್ಕೂಲಿಂದ ಮನೆಗೆ ತಂದಿದ್ದು ಮೂರೇ ಸಾಮಾನು, ಒಂದು ಶಾಲು, ಒಂದು ಗೋಡೆ ಗಡಿಯಾರ, ಮತ್ತೆ ಯಾರಿಗೂ ಹೇಳ್ದೆ ಚೀಲದೊಳಗೆ ತುರುಕಿಕೊಂಡ ಖಾಲಿ ಹಾಜರಿ ಪುಸ್ತಕ. ಗಡಿಯಾರ ಎರಡೇ ವರ್ಷಕ್ಕೆ ನಿಂತೋಯ್ತು. ಶಾಲು ಶಾಂತಮ್ಮನ ಟ್ರಂಕು ಸೇರ್ತು. ಹಾಜರಿ ಪುಸ್ತಕ ಮಾತ್ರ ಸರ್ಕಾರದ ಮಾಲು ಅನ್ನೋ ಅಳುಕಿಗೆ ಬೀರು ಮೇಲೆ ನ್ಯೂಸ್ ಪೇಪರ್ ಸುತ್ತಿಕೊಂಡು ಕೂತಿತ್ತು, ಮೂವತ್ತೊಂದು ವರ್ಷ ಒಂದು ಸೀಮೆಸುಣ್ಣ ಮನೆಗೆ ತರದ ಮನುಷ್ಯ ಕೊನೇ ದಿನ ಅದ್ಯಾಕೆ ಹಂಗ್ ಮಾಡಿದ್ರೋ ಅವ್ರಿಗೇ ಗೊತ್ತಿಲ್ಲ.

ಅದು ಕೆಳಗಿಳಿದಿದ್ದು ಶಾಂತಮ್ಮ ತೀರಿಕೊಂಡು ಒಂದು ವರ್ಷ ಆದ್ಮೇಲೆ.

ವಯಸ್ಸಾಯ್ತಲ್ಲ, ಬೆಳಗಿನ ಜಾವ ನಾಲ್ಕಕ್ಕೆಲ್ಲ ಬಚ್ಚಲಿಗೆ ಏಳಲೇಬೇಕು, ಹಂಗೆ ಕನಸಿನ ಮಧ್ಯದಲ್ಲೇ ಎದ್ರೆ ಕನಸು ಪೂರ್ತಿ ನೆನಪಿರುತ್ತೆ, ಹಾಸಿಗೆಯಲ್ಲೇ ಬೆಳಗಿನ ತನಕ ಹೊರಳಾಡಿ ಎದ್ರೆ ಏನೂ ಉಳಿಯಲ್ಲ. ಮೊದಲೆಲ್ಲ ಕಾಫಿ ಕುಡಿಯೋವಾಗ ಶಾಂತಮ್ಮನಿಗೆ ಹೇಳ್ತಿದ್ರು. ಅವ್ಳು ತರಕಾರಿ ಹೆಚ್ಚುತ್ತಾ ಹೂಂ ಹೂಂ ಅಂತಿದ್ಲು, ಕೇಳಿಸ್ಕೊತಿದ್ಲೋ ಇಲ್ವೋ ದೇವ್ರಿಗೇ ಗೊತ್ತು, ಆದ್ರೆ ಹೇಳಿದ್ದು ಹೇಳಿದಂಗಿರ್ತಿತ್ತು. ಈಗ ಯಾರಿಗೆ ಹೇಳೋದು? ಪುಣೆಯಲ್ಲಿರೋ ಮಗ ಪ್ರಸನ್ನಂಗೆ ಭಾನುವಾರದ ವಿಡಿಯೋ ಕಾಲಲ್ಲಿ ಒಂದ್ಸಲ ಹೇಳೋಕೆ ಹೋದ್ರು. ಅವ್ನು "ಅಪ್ಪಾ, ರಾತ್ರಿ ಊಟ ಬೇಗ ಮಾಡಿ, ಗ್ಯಾಸ್ ಆಗಿರುತ್ತೆ" ಅಂದ.

ಸರಿ, ಪುಸ್ತಕ ಬಿಚ್ಚಿದ್ರು. ನೀಲಿ ಗೆರೆ, ಎಡಗಡೆ ಹೆಸರು, ಆಮೇಲೆ ಒಂದರಿಂದ ಮೂವತ್ತೊಂದರ ತನಕ ಮನೆಗಳು, ಕೊನೆಗೆ ಒಟ್ಟು, ಅದರ ಪಕ್ಕ ಷರಾ. ಯಾವ ಹುಡುಗ ಕನಸಲ್ಲಿ ಬಂದ್ನೋ ಅವನ ಹೆಸರು ಬರೆದು ಆ ತಾರೀಕಿನ ಮನೆಗೆ ಒಂದು ಓರೆಗೆರೆ. ಮಧ್ಯಾಹ್ನದ ನಿದ್ದೆಗೂ ಬಂದ್ರೆ ಅದ್ರ ಮೇಲೆ ಅಡ್ಡ ಇನ್ನೊಂದು ಗೆರೆ, ಸ್ಕೂಲಲ್ಲಿ ಬೆಳಿಗ್ಗೆ ಮಧ್ಯಾಹ್ನದ ಹಾಜರಿ ಹಾಕ್ತಿದ್ದಂಗೇನೇ. ಭಾನುವಾರದ ಮನೆ ಬಂದ್ರೆ ಕೈ ತಾನಾಗೇ ಕೆಂಪು ಪೆನ್ನು ಹುಡುಕಿ "ಭಾನುವಾರ" ಅಂತ ಮೇಲಿಂದ ಕೆಳಕ್ಕೆ ಬರೆಯೋಕೆ ಹೋಗೋದು, ಕನಸಿಗೆ ಯಾವ ಭಾನುವಾರ ಅಂತ ತಮಗೆ ತಾವೇ ಬೈಕೊಂಡು ಪೆನ್ನು ಕೆಳಗಿಡೋರು. ಕನಸಿನ ವಿವರಕ್ಕೆ ಬೇರೆ ನೋಟ್ ಬುಕ್ಕು. ಷರಾ ಕಾಲಂ ಖಾಲಿ, ಏನ್ ಬರೀಬೇಕು ಅಂತ ಗೊತ್ತಾಗ್ಲಿಲ್ಲ.

ನೋಟ್ ಬುಕ್ಕಲ್ಲಿ ಬರೆದಿದ್ದು ಹಿಂಗಿರ್ತಿತ್ತು:

"ಜಬೀವುಲ್ಲಾ, 1996ನೇ ಬ್ಯಾಚು. ಜಗಲಿ ಮೇಲೆ ಕೂತು ಕೊಬ್ಬರಿ ಸುಲೀತಿದ್ದ. ವರ್ಗಮೂಲ ಕೇಳ್ದೆ. ಕೊಬ್ಬರಿ ಗಿಟುಕು ಕೈಗಿಟ್ಟು ಒಳಗಡೆ ಇದೆ ನೋಡ್ಕೊಳಿ ಸಾ ಅಂದ. ಅಲ್ಲಾಡಿಸ್ದೆ, ಸದ್ದು ಬಂತು."

"ನಾಗವೇಣಿ. ಸರ್ಕಾರದ ಸೈಕಲ್ ತಗೊಂಡ ಮೊದಲನೇ ವರ್ಷದ ಹುಡುಗಿ. ಕ್ಲಾಸ್ ರೂಮೊಳಗೆ ಸೈಕಲ್ ಹೊಡೀತಿದ್ಲು. ಇಳಿಯಮ್ಮ ಅಂದ್ರೆ ಬ್ರೇಕ್ ಇಲ್ಲ ಸಾ ಅಂತ ಸುತ್ತುತ್ತಲೇ ಇದ್ಲು."

"ಓಂಕಾರಿ. ಕೊನೇ ಬೆಂಚು. ಇವತ್ತು ಮುಂದಿನ ಬೆಂಚಲ್ಲಿ ಕೂತಿದ್ದ. ಎದುರಿಗೇ ಇದ್ರೂ ನಾನು ಓಂಕಾರಿ ಎಲ್ಲಿ ಓಂಕಾರಿ ಎಲ್ಲಿ ಅಂತ ಕೂಗ್ತಾನೇ ಇದ್ದೆ."

ಶುರುವಿನಲ್ಲಿ ಮೇಷ್ಟ್ರಿಗೆ ಇದೆಲ್ಲ ಒಂಥರಾ ಜಂಬ. ಸಾಯಂಕಾಲ ತಿಪಟೂರು ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅವ್ರ ಪಕ್ಕ ಕೂರೋ ರಿಟೈರ್ಡ್ ಪಿ.ಟಿ. ಮೇಷ್ಟ್ರು ಬಸವರಾಜಯ್ಯನವ್ರ ಹತ್ರ "ನೋಡಿ ಸ್ವಾಮಿ, ಹುಡುಗ್ರು ಇನ್ನೂ ಬಿಟ್ಟಿಲ್ಲ ನನ್ನ, ಮರೆತಿಲ್ಲ" ಅಂದ್ರು. ಬಸವರಾಜಯ್ಯ "ಮರೆಯೋದು ಹೆಂಗೆ, ನಿಮ್ ಕೈಲಿ ಹೊಡ್ತ ತಿಂದೋವು ಬಡ್ಡಿ ವಸೂಲಿಗೆ ಬರ್ತಾವೆ" ಅಂತ ನಕ್ರು. ಅವರೂ ಆಮೇಲೆ ಮಗಳ ಮನೆಗೆ ಅಂತ ಹಾಸನಕ್ಕೆ ಹೋಗಿ ಅಲ್ಲೇ ಉಳ್ಕೊಂಡ್ರು. ಮೇಷ್ಟ್ರು ಒಬ್ರೇ ಸ್ವಲ್ಪ ದಿನ ಬೆಂಚಿಗೆ ಹೋದ್ರು, ಅರಸೀಕೆರೆ ಕಡೆ ಹೋಗೋ ಗಾಡಿಗಳ ಬೋಗಿ ಎಣಿಸ್ಕೊಂಡು ಕೂರೋರು, ಆಮೇಲೆ ಮಂಡಿ ನೋವು ಅಂತ ನೆಪ ಮಾಡ್ಕೊಂಡು ಅದೂ ನಿಲ್ತು.

ನವೆಂಬರ್ ಬಂತು. ನವೆಂಬರ್ ಅಂದ್ರೆ ಪೆನ್ಷನ್‌ದಾರರು ಬದುಕಿದೀವಿ ಅಂತ ರುಜು ಮಾಡೋ ತಿಂಗಳು. ಹೆಬ್ಬೆಟ್ಟು ಒತ್ತೋ ಮಿಷಿನ್ನು ಮೇಷ್ಟ್ರ ಬೆರಳನ್ನ ನಾಲ್ಕು ಸಲ ಒಪ್ಪಲಿಲ್ಲ, ಗೆರೆಯೆಲ್ಲ ಸವೆದೋಗಿದೆ ತಾತ ಅಂದ್ಳು ಕೌಂಟರಿನ ಹುಡುಗಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಐದನೇ ಸಲ ಒತ್ತಿದಾಗ ಬಂತು. ಸರಿ, ಇನ್ನೊಂದು ವರ್ಷಕ್ಕೆ ಬದುಕಿದಂಗಾಯ್ತು ಅಂತ ಮನೆಗೆ ಬಂದ್ರು. ಬಂದು ಅನ್ನಕ್ಕಿಟ್ಟು ಅದು ಬೇಯೋ ತನಕ ಏನ್ ಮಾಡೋದು ಅಂತ ಹಾಜರಿ ಪುಸ್ತಕ ತೆಗೆದ್ರು, ತಿಂಗಳ ಕೊನೆಗೆ ಒಟ್ಟು ಹಾಕೋದು ಮೂರು ತಿಂಗಳಿಂದ ಬಾಕಿ ಇತ್ತು.

ಆಗಸ್ಟು, ಸೆಪ್ಟೆಂಬರು, ಅಕ್ಟೋಬರು, ಒಟ್ಟು 92 ದಿನ. ಯಾರಾದ್ರೂ ಒಬ್ಬ ಬಂದ ದಿನ 71. ಯಾರೂ ಬರದ ದಿನ 21.

ಲೆಕ್ಕದ ಮೇಷ್ಟ್ರ ಕಣ್ಣು ಯಾವತ್ತೂ ಖಾಲಿ ಮನೆ ಮೇಲೇ ಹೋಗೋದು, ಬಂದೋರನ್ನ ಯಾರ್ ನೋಡ್ತಾರೆ, ಬರದೇ ಇರೋನು ಯಾಕ್ ಬರ್ಲಿಲ್ಲ ಅನ್ನೋದೇ ಮೂವತ್ತೊಂದು ವರ್ಷದ ಚಟ. ಆ 21ನ್ನ ಒಂದೊಂದಾಗಿ ಕ್ಯಾಲೆಂಡರಿಗೆ ತಾಳೆ ಹಾಕಿದ್ರು. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರು ಅದು, ಯಾವತ್ತು ಅರ್ಧ ಲೀಟರ್ ಯಾವತ್ತು ಒಂದು ಲೀಟರ್ ಅಂತ ಬರೆದಿರ್ತಾರೆ. ಗೌರಿ ಹಬ್ಬಕ್ಕೆ ಪ್ರಸನ್ನ ಮಕ್ಕಳನ್ನ ಕರ್ಕೊಂಡು ಬಂದಿದ್ದ ನಾಲ್ಕು ದಿನ, ಎರಡು ಲೀಟರ್ ಹಾಲು, ಕನಸಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟೋಗಿ ಬೀದಿಯೋರೆಲ್ಲ ಜಗಲಿ ಮೇಲೆ ಕೂತು ಹರಟಿದ ಮೂರು ರಾತ್ರಿ, ಕನಸಿಲ್ಲ. ಮಹಡಿ ಮೇಲಿನ ಬಾಡಿಗೆಯವ್ರ ಹುಡುಗಿ ತ್ರಿಕೋನಮಿತಿ ಹೇಳ್ಕೊಡಿ ತಾತ ಅಂತ ಟೆಸ್ಟಿಗೆ ಮುಂಚೆ ಇಳಿದು ಬಂದ ಐದು ದಿನ, ಇಲ್ಲ. ಷಡ್ಡಕ ಬಂದು ಉಳಿದ ಎರಡು ದಿನ. ನೊಣವಿನಕೆರೆ ಕಡೆ ಮದುವೆಗೆ ಹೋದ ಎರಡು ದಿನ. ತೆಂಗಿನಕಾಯಿ ಕೀಳೋರು ಬಂದು ಹಿತ್ತಿಲಲ್ಲೇ ಊಟ ಮಾಡಿ, ಹೋಗೋಕೆ ಮನಸ್ಸಿಲ್ದೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದ ದಿನ ಒಂದು.

ಹದಿನೇಳು. ಉಳಿದ ನಾಲ್ಕಕ್ಕೆ ಲೆಕ್ಕ ಸಿಗಲಿಲ್ಲ, ಬರೆಯೋಕೆ ಸೋಮಾರಿತನ ಮಾಡಿದ್ದೂ ಇರಬಹುದು.

ಪ್ರಮೇಯ ಆಯ್ತು, ವಿಲೋಮ ನೋಡ್ಬೇಕಲ್ಲ. ಜನ ಇದ್ದ ದಿನಗಳಲ್ಲಿ ಯಾರಾದ್ರೂ ಹುಡುಗ್ರು ಬಂದಿದಾರಾ ಅಂತ ನೋಡಿದ್ರು. ಒಬ್ಬನೂ ಇಲ್ಲ. ಆಮೇಲೆ ನೋಟ್ ಬುಕ್ ತೆಗೆದು ಮೊದಲಿಂದ ಓದೋಕೆ ಶುರು ಮಾಡಿದ್ರು, ಕುಕ್ಕರ್ ಕೂಗಿ ಕೂಗಿ ಸುಮ್ನಾಯ್ತು. "ಕೇಳ್ದೆ", "ಕರ್ದೆ", "ಕೂಗ್ದೆ", "ಹುಡುಕ್ಕೊಂಡು ಹೋದೆ", "ನಿಂತ್ಕೋ ಅಂದೆ". ಒಂದು ಕನಸಲ್ಲಾದ್ರೂ ಒಂದು ಹುಡುಗ ತಾನಾಗಿ ಬಂದು ಬಾಗಿಲು ತಟ್ಟಿ ಸಾ ಅಂದಿರಲಿಲ್ಲ. ಅವರವರ ಪಾಡಿಗೆ ಕೊಬ್ಬರಿ ಸುಲೀತಿದ್ರು, ಸೈಕಲ್ ಹೊಡೀತಿದ್ರು. ಕರೆದಿದ್ದೆಲ್ಲ ಇವ್ರೇ.

ಅವರು ನನ್ನ ಬಿಟ್ಟಿಲ್ಲ ಅಂದ್ಕೊಂಡಿದ್ನಲ್ಲ, ಅಂದ್ಕೊಂಡ್ರು ಮೇಷ್ಟ್ರು. ಪ್ರಸನ್ನ ಕೇಳಿದಾಗೆಲ್ಲ ಆರಾಮಾಗಿದೀನಿ ಅಂದಿದ್ರಲ್ಲ, ಅದು ಸುಳ್ಳು ಅಂತ ಅವ್ರಿಗೆ ಗೊತ್ತೇ ಇರಲಿಲ್ಲ, ಈಗ ತಮ್ಮ ಕೈಬರಹದಲ್ಲೇ 71 ಸಲ ಸಿಕ್ಕಿಬಿದ್ದಿತ್ತು. ಅನ್ನ ತಳ ಹಿಡಿದಿತ್ತು. ಹತ್ತಿದ್ದನ್ನ ಬಿಟ್ಟು ಮೇಲಿಂದು ಬಡಿಸ್ಕೊಂಡು ಮಜ್ಜಿಗೆ ಹಾಕ್ಕೊಂಡು ಉಂಡ್ರು.

ಓಂಕಾರಿ ನಂಬರು ಯಾವುದೋ ಮದುವೆಯಲ್ಲಿ ಅವ್ನೇ ಸೇವ್ ಮಾಡಿ ಕೊಟ್ಟಿದ್ದು. ಎರಡು ದಿನ ಫೋನ್ ಕೈಗೆ ತಗೊಂಡು ಇಟ್ರು, ಮೂರನೇ ದಿನ ರಾತ್ರಿ ಎಂಟಕ್ಕೆ ಒತ್ತೇಬಿಟ್ರು.

"ಸಾರ್! ನಮಸ್ಕಾರ ಸಾರ್, ಹೇಳಿ ಸಾರ್." ಹಿಂದೆ ಲಾರಿ ಇಂಜಿನ್ ಸದ್ದು.

"ಚೆನ್ನಾಗಿದೀಯೇನೋ?"

"ಚೆನ್ನಾಗಿದೀನಿ ಸಾರ್. ಏನಾದ್ರೂ ಕೆಲಸ ಆಗ್ಬೇಕಿತ್ತಾ ಸಾರ್? ಕಾಯಿ ಸಾಗಿಸೋದಿದ್ರೆ ಗಾಡಿ ಕಳಿಸ್ತೀನಿ."

"ಇಲ್ಲಪ್ಪ, ಸುಮ್ನೆ ಮಾಡ್ದೆ."

"ಸುಮ್ನೇನಾ?" ಅವ್ನಿಗೆ ಗಾಬರಿ. "ಹುಷಾರಾಗಿದೀರಾ ಸಾರ್? ದುಡ್ಡೇನಾದ್ರೂ…"

ಮೇಷ್ಟ್ರಿಗೆ ನಗುವೂ ಬಂತು ನಾಚಿಕೆನೂ ಆಯ್ತು. ಇಟ್ಬಿಡೋಣ ಅನ್ಸಿತು. ಬಾಯಿ ಮಾತ್ರ ಬೇರೆ ಏನೋ ಹೇಳ್ತು. "ಒಬ್ನೇ ಇದೀನಿ ಕಣ್ಲಾ. ಬೇಜಾರಾಯ್ತು. ನೀನು ಕನಸಲ್ಲಿ ಬಂದಿದ್ದೆ, ಮುಂದಿನ ಬೆಂಚಲ್ಲಿ ಕೂತಿದ್ದೆ, ಅದಕ್ಕೆ ಮಾಡ್ದೆ."

ಆ ಕಡೆ ಇಂಜಿನ್ ಆಫ್ ಆಯ್ತು. ಒಂದು ನಿಮಿಷ ಮಾತೇ ಇಲ್ಲ.

"ನಾನು ಮುಂದಿನ ಬೆಂಚಲ್ಲಾ? ಅದು ಕನಸೇ ಬಿಡಿ ಸಾರ್," ಅಂದ ಆಮೇಲೆ. "ಉಂಡ್ರಾ?"

"ಇನ್ನೂ ಇಲ್ಲ. ಬಸ್ಸಾರು ಮಾಡಿದೀನಿ, ಸಾರಲ್ಲ ಅದು, ನೀರು. ಶಾಂತಮ್ಮ ಮಾಡಿದ್ರೆ ಹಂಗಿರ್ತಿರಲಿಲ್ಲ."

"ರುಬ್ಬೋವಾಗ ಬೆಂದ ಕಾಳು ಹಾಕಿದ್ರಾ?"

"ಇಲ್ಲ. ಕಾಳು ಸೊಪ್ಪು ಎಲ್ಲ ಪಲ್ಯಕ್ಕೆ."

"ಅಯ್ಯೋ ಅದೇ ಸಾರ್ ತಪ್ಪು! ಲಾರಿಯೋನು ನಾನು, ದಾರಿಯಲ್ಲಿ ನಾವೇ ಬೇಯಿಸ್ಕೊಂಡು ತಿನ್ನೋರು, ಕೇಳಿ ಇಲ್ಲಿ. ಮೊದಲು ಈರುಳ್ಳಿ ಬೆಳ್ಳುಳ್ಳಿ ಸ್ವಲ್ಪ ಎಣ್ಣೆಯಲ್ಲಿ ಬಾಡಿಸ್ಕೊಳಿ. ಆಮೇಲೆ ಬಸಿದಿಟ್ಟ ಕಾಳು ಸೊಪ್ಪಲ್ಲಿ ಒಂದು ಹಿಡಿ ತೆಗೆದು ಕಾಯಿ ಜೊತೆ ರುಬ್ಬಿ…"

"ತಡಿ ತಡಿ," ಅಂದ್ರು ಮೇಷ್ಟ್ರು. ಕನ್ನಡಕ ಹುಡುಕಿದ್ರು, ನೋಟ್ ಬುಕ್ ಕೈಗೆ ಸಿಗಲಿಲ್ಲ, ಮೇಜಿನ ಮೇಲೆ ಹಾಜರಿ ಪುಸ್ತಕ ಬಿಚ್ಚಿಕೊಂಡಿತ್ತು, ಓಂಕಾರಿ ಹೆಸರಿನ ಸಾಲಲ್ಲಿ ಬೆರಳಿಟ್ಟು ಕೊನೇ ತನಕ ಹೋದ್ರು, ಷರಾ ಕಾಲಂ ಅಗಲ ಸಾಲದು ಅನ್ಸಿತು, ಆದ್ರೂ ಅಲ್ಲೇ ಸಣ್ಣಕ್ಷರದಲ್ಲಿ ಶುರು ಮಾಡಿದ್ರು.

"ಹಾಂ, ಕಾಳು ಎಷ್ಟು ಅಂದೆ? ನಿಧಾನಕ್ಕೆ ಹೇಳೋ, ಬರ್ಕೋಬೇಕು."