ದೀಪಾವಳಿ ಜಾನಪದ ಸಂಜೆ, ಸಾಗರ: ಸ್ವಾಗತ ನುಡಿ

ಸಮಸ್ತರಿಗೂ ದೀಪಾವಳಿಯ ನಮಸ್ಕಾರಗಳು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುವುದನ್ನು ತಮ್ಮ ಅಜ್ಜಿಯಿಂದ ಕಲಿತು, ಈಗ ನಮ್ಮ ಮಕ್ಕಳಿಗೂ ಕಲಿಸುತ್ತಿರುವ ಹಿರಿಯ ಕಲಾವಿದೆ ಇಂದಿನ ಮುಖ್ಯ ಅತಿಥಿಗಳು. ಈ ವೇದಿಕೆಯ ಹಿಂದಿರುವ ಚಿತ್ತಾರವೂ ಅವರ ಕೈಯದೇ. ಅಮ್ಮ, ತಮಗೆ ಆದರದ ಸ್ವಾಗತ. ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಗೌರವಪೂರ್ವಕ ಸ್ವಾಗತ.

ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೇ, ಹಬ್ಬದ ರಾತ್ರಿ ದೀಪ ಹಿಡಿದು ಮನೆ ಮನೆಗೆ ನಡೆದು ತಾವು ಹಾಡುತ್ತಿದ್ದ ಅಂಟಿಗೆ ಪಂಟಿಗೆಯ ಪದಗಳನ್ನೇ ಇಂದು ತಮ್ಮ ಮೊಮ್ಮಕ್ಕಳು ಹಾಡಲಿದ್ದಾರೆ. ತಮಗೆ ಭಕ್ತಿಪೂರ್ವಕ ಸ್ವಾಗತ. ಅಡಿಕೆ ಕೊಯ್ಲಿನ ಕೆಲಸ ಬದಿಗಿಟ್ಟು ಬಂದಿರುವ ತಾಯಂದಿರಿಗೆ, ಬಂಧುಗಳಿಗೆ, ಮುದ್ದು ಮಕ್ಕಳಿಗೆ ಹೃತ್ಪೂರ್ವಕ ಸ್ವಾಗತ. ಈಗ ಮುಖ್ಯ ಅತಿಥಿಗಳು ದೀಪ ಬೆಳಗಬೇಕೆಂದು ವಿನಂತಿಸುತ್ತೇನೆ.