ಅಡುಗೆಮನೆಯ ಖರ್ಚಿನ ಲೆಕ್ಕದ ಬಗ್ಗೆ ಒಂದು ಸಲಹೆ

ನವನಗರ, ಬಾಗಲಕೋಟೆ
ಗುರುವಾರ

ಸಾವಿತ್ರಿ ಅಕ್ಕನವರಿಗೆ, ರೇಣುಕಾ ಹಾಗೂ ಫರ್ಹಾನಾಗೆ ನಮಸ್ಕಾರಗಳು.

ಅಕ್ಕನವರ ರಾತ್ರಿ ಪಾಳಿ, ರೇಣುಕಾಳ ಬ್ಯಾಂಕಿನ ವೇಳೆ ಮತ್ತು ನಮ್ಮಿಬ್ಬರ ಕಾಲೇಜಿನ ವೇಳೆ ಒಂದಕ್ಕೊಂದು ಕೂಡದ ಕಾರಣ ನಾಲ್ವರೂ ಒಟ್ಟಿಗೆ ಕುಳಿತು ಮಾತಾಡುವುದು ಅಪರೂಪವಾಗಿದೆ. ಆದ್ದರಿಂದ ಕಿರಾಣಿ ಮತ್ತು ಗ್ಯಾಸಿನ ಖರ್ಚನ್ನು ಬರೆದಿಡುವ ಕ್ರಮದ ಕುರಿತು ನನ್ನ ಮನಸ್ಸಿನಲ್ಲಿರುವುದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಯಾರೋ ಕಡಿಮೆ ಕೊಟ್ಟಿದ್ದಾರೆ, ಯಾರೋ ಹೆಚ್ಚು ಬಳಸಿದ್ದಾರೆ ಎಂಬ ಭಾವನೆಯಿಂದ ಬರೆದದ್ದಲ್ಲ. ನಿಜ ಹೇಳಬೇಕೆಂದರೆ, ಯಾರು ಎಷ್ಟು ಕೊಟ್ಟಿದ್ದಾರೆಂದು ಇವತ್ತು ನಮ್ಮಲ್ಲಿ ಯಾರೂ ಖಚಿತವಾಗಿ ಹೇಳಲಾರರು, ಮತ್ತು ಸರಿಪಡಿಸಬೇಕಾದದ್ದು ಅಷ್ಟೇ ಎಂಬುದು ನನ್ನ ಅಭಿಪ್ರಾಯ.

ಈಗ ನಡೆಯುತ್ತಿರುವುದು ಹೀಗೆ: ಒಬ್ಬರು ಎಣ್ಣೆಯ ಪಾಕೀಟು ಮತ್ತು ತೊಗರಿಬೇಳೆ ತಂದು ವಾಟ್ಸಾಪ್ ಗುಂಪಿನಲ್ಲಿ ಮೊತ್ತ ಹಾಕುತ್ತಾರೆ, ಅದರ ಮೇಲೆ ಯಾರದೋ ಮದುವೆಯ ಫೋಟೋಗಳು, ನೀರು ಬಿಡುವ ವೇಳೆಯ ಸುದ್ದಿ, ಮನೆ ಮಾಲೀಕರ ಸಂದೇಶ ಬಂದು ಕೂಡುತ್ತವೆ, ತಿಂಗಳ ಕೊನೆಗೆ ಹುಡುಕುವಷ್ಟರಲ್ಲಿ ಆ ಮೊತ್ತ ಕಣ್ಣಿಗೆ ಬೀಳುವುದಿಲ್ಲ. ಕೊಟ್ಟವರಿಗೆ ಕೇಳಲು ಸಂಕೋಚ, ಉಳಿದವರಿಗೆ ಕೊಡುವುದು ಬಾಕಿ ಇದೆಯೆಂಬುದೇ ಗೊತ್ತಿಲ್ಲ. ಗ್ಯಾಸಿನದು ಇನ್ನೂ ಸ್ವಲ್ಪ ತೊಡಕು. ಕನೆಕ್ಷನ್ ಅಕ್ಕನವರ ಹೆಸರಿನಲ್ಲಿರುವುದರಿಂದ ಬುಕ್ ಮಾಡುವವರೂ ಅವರೇ, ಸಿಲಿಂಡರ್ ಬಂದಾಗ ಹೇಳಬೇಕಾದ ಕೋಡ್ ಬರುವುದೂ ಅವರ ಮೊಬೈಲಿಗೇ, ಹೀಗಾಗಿ ಹಣವೂ ಮೊದಲು ಅವರ ಕೈಯಿಂದಲೇ ಹೋಗುತ್ತದೆ. ಪಾಳಿ ಮುಗಿಸಿ ಬಂದು ಮಲಗಿದವರನ್ನು ಕೋಡಿಗಾಗಿ ಎಬ್ಬಿಸುವುದೂ ತಪ್ಪುತ್ತಿಲ್ಲ.

ನನ್ನ ಸಲಹೆಯ ತಿರುಳು ಇಷ್ಟು: ಹಣ ಕೊಟ್ಟವರು ಯಾರು ಎಂಬುದನ್ನು ಮಾತ್ರ ಬರೆಯೋಣ, ಉಂಡವರು ಯಾರು, ಎಷ್ಟು ಎಂಬುದನ್ನು ಎಂದಿಗೂ ಬರೆಯುವುದು ಬೇಡ. ಒಬ್ಬರಿಗೆ ಎರಡು ಹೊತ್ತು ಚಹಾ ಬೇಕು, ಇನ್ನೊಬ್ಬರಿಗೆ ಅನ್ನವೇ ಬೇಡ. ಇದನ್ನೆಲ್ಲ ತೂಗುತ್ತ ಕುಳಿತರೆ ಒಂದೇ ಒಲೆಯ ಮೇಲೆ ಅಡುಗೆ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇದಕ್ಕಾಗಿ ಒಂದು ಉದ್ದನೆಯ ನೋಟ್‌ಬುಕ್ಕನ್ನು ಪೆನ್ನಿನ ಸಮೇತ ಫ್ರಿಜ್ಜಿನ ಪಕ್ಕದ ಮೊಳೆಗೆ ತೂಗುಹಾಕುತ್ತೇನೆ. ತಂದ ಚೀಲವನ್ನು ಕೆಳಗಿಟ್ಟ ಕೂಡಲೇ ದಿನಾಂಕ, ಸಾಮಾನು, ಮೊತ್ತ, ಹೆಸರು ಬರೆದು ಅಂಗಡಿಯ ಚೀಟಿಯನ್ನು ಅಲ್ಲೇ ಕ್ಲಿಪ್ಪಿಗೆ ಸಿಕ್ಕಿಸಿದರೆ ಸಾಕು. ಮೊಬೈಲಿನಲ್ಲಿ ಇಂಥ ಲೆಕ್ಕಕ್ಕೆಂದೇ ಆ್ಯಪ್‌ಗಳಿವೆ ಎಂದು ಫರ್ಹಾನಾ ಹೇಳಿದ್ದು ನೆನಪಿದೆ. ಅವು ಚೆನ್ನಾಗಿಯೇ ಇವೆ, ಆದರೆ ಹಿಟ್ಟಿನ ಕೈಯಲ್ಲಿ ಯಾರೂ ಮೊಬೈಲ್ ತೆಗೆಯುವುದಿಲ್ಲ, ಆಮೇಲೆ ಮಾಡಿದರಾಯಿತು ಎಂದು ಬಿಟ್ಟದ್ದು ಉಳಿದೇ ಹೋಗುತ್ತದೆ. ಬೇಕಿದ್ದರೆ ತಿಂಗಳ ಕೊನೆಗೆ ಆ ಪುಟದ ಫೋಟೋ ತೆಗೆದು ಗುಂಪಿನಲ್ಲಿ ಹಾಕೋಣ. ನಮ್ಮ ಸೆಕ್ಟರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ತಂದಾಗ ಸದ್ಯ ತಂದವರ ಹೆಸರಿಗೇ ಬರೆದುಕೊಳ್ಳುತ್ತಾರೆ. ಅದರ ಬದಲು ನಮ್ಮ ಮನೆಗೆ ಒಂದು ಪ್ರತ್ಯೇಕ ಪುಟ ತೆರೆಯಿರಿ ಎಂದು ಅಂಗಡಿಯ ಕಾಕಾ ಅವರಿಗೆ ಹೇಳಿದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಎಣ್ಣೆ, ಬೇಳೆ, ಅಕ್ಕಿ, ಜೋಳದ ಹಿಟ್ಟು, ಉಪ್ಪು, ಖಾರದ ಪುಡಿ, ಚಹಾಪುಡಿ, ಸಕ್ಕರೆ, ಹಾಲು, ಉಳ್ಳಾಗಡ್ಡಿ ಮತ್ತು ಕಾಯಿಪಲ್ಯೆ ಎಲ್ಲರಿಗೂ ಸೇರಿದ್ದು. ತನಗೊಬ್ಬಳಿಗೇ ಬೇಕಾದ ತಿಂಡಿಯನ್ನೋ ಓಟ್ಸನ್ನೋ ತಂದವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದಿಲ್ಲ. ಊರಿನಿಂದ ಬರುವ ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳಿಗೆ ಯಾವ ಲೆಕ್ಕವೂ ಇಲ್ಲ. ರೇಣುಕಾಳ ಅವ್ವ ಕಳಿಸುವ ಹಿಂಡಿಗೆ ಬೆಲೆ ಕಟ್ಟಲು ಹೊರಟರೆ ನಾವು ಮೂವರೂ ಆಕೆಗೆ ಸಾಲಗಾರರಾಗುತ್ತೇವೆ.

ಇನ್ನು ಗ್ಯಾಸಿನ ವಿಷಯ. ಕಿರಾಣಿಯ ಹಾಗೆ ಅದು ತಿಂಗಳಿಗೆ ಸರಿಯಾಗಿ ಮುಗಿಯುವುದಿಲ್ಲ, ತಿಂಗಳ ನಡುವೆ ಹಚ್ಚಿದ ಸಿಲಿಂಡರ್ ಮುಂದಿನ ತಿಂಗಳಿಗೂ ಹೋಗುತ್ತದೆ. ಅದನ್ನು ತಿಂಗಳ ಲೆಕ್ಕದಲ್ಲಿ ಸೇರಿಸುವುದರಿಂದಲೇ ತೊಡಕಾಗುತ್ತಿದೆ ಎಂದು ನನಗನಿಸುತ್ತದೆ. ಆದ್ದರಿಂದ ಗ್ಯಾಸಿಗೆ ಹಿಂದಿನ ಪುಟಗಳನ್ನು ಬೇರೆ ಇಟ್ಟು, ಸಿಲಿಂಡರ್ ಹಚ್ಚಿದ ದಿನದಿಂದ ಅದು ತೀರಿದ ದಿನದವರೆಗೆ ಒಂದು ಲೆಕ್ಕವೆಂದು ಹಿಡಿಯೋಣ. ಗೋಡೆಯ ಕ್ಯಾಲೆಂಡರಿನಲ್ಲಿ ಊರಿಗೆ ಹೋದವರು ತಮ್ಮ ಹೆಸರಿನ ಮೊದಲಕ್ಷರವನ್ನು ಆಯಾ ದಿನದ ಮೇಲೆ ಬರೆಯಲಿ. ಒಂದು ಹೊತ್ತು ಉಂಡರೂ ಅದು ಮನೆಯಲ್ಲಿದ್ದ ದಿನವೇ. ಉದಾಹರಣೆಗೆ, ಸಿಲಿಂಡರಿಗೆ ಲೆಕ್ಕದ ಸಲುವಾಗಿ 900 ರೂಪಾಯಿ ಎಂದು ಹಿಡಿದು, ಅದು 42 ದಿನ ಬಂತೆಂದುಕೊಳ್ಳೋಣ. ಒಬ್ಬರು 42, ಒಬ್ಬರು 40, ಒಬ್ಬರು 36, ಇನ್ನೊಬ್ಬರು 32 ದಿನ ಇದ್ದರೆ ಒಟ್ಟು 150 ದಿನ, ದಿನಕ್ಕೆ 6 ರೂಪಾಯಿ. ಆಗ ಕ್ರಮವಾಗಿ 252, 240, 216 ಮತ್ತು 192 ರೂಪಾಯಿ ಆಗುತ್ತದೆ. ಶನಿವಾರ, ರವಿವಾರ ಊರಿಗೆ ಹೋಗುವವರಿಗೂ ಇದರಲ್ಲಿ ಅನ್ಯಾಯವಾಗುವುದಿಲ್ಲ, ಯಾರಿಗೂ ರಿಯಾಯಿತಿ ಕೇಳುವ ಮುಜುಗರವೂ ಇರುವುದಿಲ್ಲ. ಕಿರಾಣಿಯ ಮೊತ್ತವನ್ನೂ ತಿಂಗಳ ಕೊನೆಗೆ ಇದೇ ರೀತಿ ಇದ್ದ ದಿನಗಳ ಮೇಲೆ ಹಂಚಬಹುದು. ಮನೆ ಬಾಡಿಗೆ ಮತ್ತು ಕರೆಂಟ್ ಬಿಲ್ಲು ಈಗಿನಂತೆ ಸಮಪಾಲಾಗಿಯೇ ಇರಲಿ.

ಸಿಲಿಂಡರಿನ ಹಣ ಕೊಡುವ ಸರದಿ ನಾಲ್ವರಲ್ಲೂ ಬದಲಾಗಬೇಕು. ಮುಂದಿನ ಸರದಿ ನನ್ನದು. ಅಕ್ಕನವರು ಬುಕ್ ಮಾಡಿದ ದಿನವೇ ಸರದಿಯವರು ಅವರ ಖಾತೆಗೆ ಯುಪಿಐ ಮೂಲಕ ಹಣ ಹಾಕಲಿ, ಕೋಡ್ ಬಂದ ಕೂಡಲೇ ಅಕ್ಕನವರು ಅದನ್ನು ಗುಂಪಿಗೆ ಕಳಿಸಿ ನಿಶ್ಚಿಂತೆಯಿಂದ ಮಲಗಲಿ. ಸಿಲಿಂಡರ್ ಇಳಿಸಿಕೊಳ್ಳುವವರು ಸೀಲ್ ನೋಡಿ, ತೂಕ ಮಾಡಿ ತೋರಿಸಲು ಕೇಳಿದರೆ ಒಳ್ಳೆಯದು. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲ್ಭಾಗದಲ್ಲೇ ಬರೆದಿರುತ್ತಾರೆ, ಅದಕ್ಕೆ 14.2 ಕಿಲೋ ಕೂಡಿಸಿದಷ್ಟು ತೂಗಬೇಕು. ಗ್ಯಾಸ್ ಬೇಗ ತೀರಿದಾಗ ಒಲೆ ಹಚ್ಚಿದವರ ಕಡೆ ನೋಡುವ ಮೊದಲು ಸಿಲಿಂಡರ್ ತುಂಬಿ ಬಂದಿತ್ತೇ ಎಂದು ನೋಡುವುದು ನ್ಯಾಯ.

ಅತಿಥಿಗಳು ಒಂದೆರಡು ದಿನ ಬಂದು ಹೋದರೆ ಲೆಕ್ಕಕ್ಕೆ ಹಿಡಿಯುವುದು ಬೇಡ. ಬರುವ ತಿಂಗಳು ನನ್ನ ತಂಗಿ ಪರೀಕ್ಷೆಗೆಂದು ಬಂದು 5 ದಿನ ಇರುವವಳಿದ್ದಾಳೆ, ಆ ದಿನಗಳನ್ನು ನನ್ನ ಹೆಸರಿಗೆ ನಾನೇ ಕೂಡಿಸಿಕೊಳ್ಳುತ್ತೇನೆ.

ಹಿಂದಿನ ತಿಂಗಳುಗಳ ಲೆಕ್ಕವನ್ನು ಕೆದಕುವುದು ಬೇಡವೆಂದು ನನ್ನ ವಿನಂತಿ. ಒಂದನ್ನು ಮಾತ್ರ ಬಿಡಬಾರದು: ಈಗ ಒಲೆಗೆ ಹಚ್ಚಿರುವ ಸಿಲಿಂಡರಿನ ಹಣವನ್ನು ಅಕ್ಕನವರು ಕೊಟ್ಟಿದ್ದಾರೆ, ಅದರ ರಸೀದಿಯೂ ಇದೆ, ಅದನ್ನು ನಾಲ್ಕು ಪಾಲು ಮಾಡಿ ಈ ವಾರವೇ ಅವರಿಗೆ ಮುಟ್ಟಿಸೋಣ. ಮುಂದೆ ಪ್ರತಿ ತಿಂಗಳು, ಎಲ್ಲರ ಸಂಬಳ ಆಗಿರುವ 5ನೇ ತಾರೀಖಿನಂದು ಕೂಡಿಸಿ ಕಳೆದು, ಯಾರಿಗೆ ಯಾರು ಎಷ್ಟು ಕೊಡಬೇಕೆಂದು ಪುಟದ ಕೆಳಗೆ ಬರೆದರೆ ಯಾರೂ ಯಾರಿಗೂ ನೆನಪಿಸುವ ಪ್ರಸಂಗ ಬರುವುದಿಲ್ಲ. 20 ರೂಪಾಯಿಗಿಂತ ಕಡಿಮೆಯ ವ್ಯತ್ಯಾಸ ಮುಂದಿನ ತಿಂಗಳಿಗೆ ಹೋಗಲಿ. ಕೂಡಿಸುವ ಕೆಲಸವನ್ನು ಮೊದಲ ತಿಂಗಳು ನಾನು ಮಾಡುತ್ತೇನೆ, ಆಮೇಲೆ ರೇಣುಕಾ ಮಾಡಿದರೆ ಬ್ಯಾಂಕಿನವರ ಲೆಕ್ಕವೆಂಬ ಧೈರ್ಯ ನಮಗಿರುತ್ತದೆ.

ಇದರಲ್ಲಿ ಯಾವುದೇ ಅಂಶ ನಿಮಗೆ ಸರಿ ಕಾಣದಿದ್ದರೆ, ಮುಖ್ಯವಾಗಿ ದಿನಗಳನ್ನು ಗುರುತಿಸುವುದು ರಗಳೆಯೆನಿಸಿದರೆ, ದಯವಿಟ್ಟು ಹೇಳಿ, ಸಮಪಾಲೇ ಇರಲಿ ಎಂದರೂ ನನ್ನ ಒಪ್ಪಿಗೆಯಿದೆ. ರವಿವಾರ ಅಕ್ಕನವರಿಗೆ ರಜೆಯಿದ್ದು, ರೇಣುಕಾ ಸಂಜೆಯ ಬಸ್ಸಿಗೆ ಜಮಖಂಡಿಯಿಂದ ಬರುವವಳಿರುವುದರಿಂದ, ರಾತ್ರಿ ಊಟದ ನಂತರ ಅರ್ಧ ಗಂಟೆ ಕುಳಿತು ತೀರ್ಮಾನಿಸೋಣವೇ?

ನಿಮ್ಮ ವಿಶ್ವಾಸಿ,
ಶಿಲ್ಪಾ