84 ಪರೀಕ್ಷೆ, 19 ಕೆಂಪು ಗುರುತು: ಡಾಕ್ಟರರ ಮುಂದಿಡುವ ಪ್ರಶ್ನೆಗಳು

ಮಾನ್ಯ ಡಾಕ್ಟರರಿಗೆ ನಮಸ್ಕಾರಗಳು.

ತಮ್ಮ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವ ಸಮಯ ಎಷ್ಟೆಂಬುದನ್ನು ಆರು ವರ್ಷಗಳಿಂದ ಕಂಡಿದ್ದೇನೆ. ಎದುರು ಕುಳಿತಾಗ ಮುಖ್ಯವಾದದ್ದನ್ನೇ ಮರೆತು, ಚೀಟಿ ಹಿಡಿದು ಹೊರಗೆ ಬಂದ ಮೇಲೆ ನೆನಪಿಸಿಕೊಳ್ಳುವುದು ನನ್ನ ಹಳೆಯ ಚಾಳಿ. ಆದ್ದರಿಂದ ಈ ಸಲ ಕೇಳಬೇಕಾದುದನ್ನೆಲ್ಲ ಬರೆದು ತಂದಿದ್ದೇನೆ. ಎಲ್ಲವನ್ನೂ ಓದಲು ತಮಗೆ ಬಿಡುವಿಲ್ಲದಿದ್ದರೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಕುರಿತ ಭಾಗವನ್ನಷ್ಟೇ ನೋಡಿದರೂ ಸಾಕು. ಉಳಿದವಕ್ಕೆ ಇನ್ನೊಂದು ದಿನ ಬರುತ್ತೇನೆ.

ನನಗೆ 58 ವರ್ಷ. ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ, ತೂಕ 74 ಕೆ.ಜಿ., ಸಸ್ಯಾಹಾರಿ, ಬೀಡಿ ಸಿಗರೇಟು ಮದ್ಯ ಯಾವುದೂ ಇಲ್ಲ. ಆರು ವರ್ಷಗಳಿಂದ ಬಿ.ಪಿ.ಗೆಂದು ತಾವೇ ಬರೆದುಕೊಟ್ಟ ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಗುಳಿಗೆಯನ್ನು ದಿನವೂ ಬೆಳಿಗ್ಗೆ ತೆಗೆದುಕೊಳ್ಳುತ್ತಿದ್ದೇನೆ. ಬೆಂಗಳೂರಿನಲ್ಲಿರುವ ಮಗ ನನ್ನ ಹುಟ್ಟಿದ ದಿನಕ್ಕೆಂದು ಇಡೀ ದೇಹದ ತಪಾಸಣೆಯ ಪ್ಯಾಕೇಜೊಂದನ್ನು ಆನ್‌ಲೈನಿನಲ್ಲಿ ಬುಕ್ ಮಾಡಿದ್ದ. ಏಪ್ರಿಲ್ 18ರಂದು ಹುಡುಗನೊಬ್ಬ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದ. 19ರ ರಾತ್ರಿ ಹದಿನೆಂಟು ಪುಟಗಳ ರಿಪೋರ್ಟು ಮೊಬೈಲಿಗೆ ಬಂತು. ಅದರಲ್ಲಿ 84 ಪರೀಕ್ಷೆಗಳಿದ್ದು, 19ರ ಎದುರು ಕೆಂಪು ಗುರುತಿದೆ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನಮ್ಮ ಅಣ್ಣನ ಮಗಳು, ರಾಯಚೂರಿನಲ್ಲಿ ನರ್ಸ್ ಆಗಿರುವವಳು, ಫೋನಿನಲ್ಲಿ ಸ್ವಲ್ಪ ಸಮಾಧಾನ ಹೇಳಿದಳು. ಆರೋಗ್ಯವಂತರಾದ ನೂರು ಜನರಲ್ಲಿ ತೊಂಬತ್ತೈದು ಜನರ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರುತ್ತದೆಯೋ ಅದನ್ನೇ ಸಾಮಾನ್ಯವಾಗಿ ‘ನಾರ್ಮಲ್’ ಎಂದು ಮುದ್ರಿಸುತ್ತಾರಂತೆ. ಹಾಗಾದರೆ ಏನೂ ತೊಂದರೆಯಿಲ್ಲದವನಿಗೂ ಇಪ್ಪತ್ತು ಪರೀಕ್ಷೆಗೆ ಒಂದರಂತೆ, 84ಕ್ಕೆ ನಾಲ್ಕೈದು ಕೆಂಪು ಗುರುತು ಬೀಳುವುದು ಲೆಕ್ಕದಿಂದಲೇ ಬರುತ್ತದೆ. ಜೊತೆಗೆ ಕೊಲೆಸ್ಟ್ರಾಲಿನ ಒಂದೇ ಸಂಗತಿಯನ್ನು ಆರು ಸಾಲುಗಳಲ್ಲಿ ಆರು ಬಾರಿ ಕೆಂಪು ಮಾಡಿದ್ದಾರೆ, ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತಿಳಿಸುವ ಎಚ್‌ಬಿಎ1ಸಿಯಿಂದಲೇ ಲೆಕ್ಕ ಹಾಕಿದ ‘ಸರಾಸರಿ ಗ್ಲೂಕೋಸ್’ಗೆ ಬೇರೆ ಗುರುತು ಕೊಟ್ಟಿದ್ದಾರೆ. ಹೀಗೆ ಕಳೆಯುತ್ತಾ ಹೋದರೆ ಹತ್ತೊಂಬತ್ತು ಕಾಯಿಲೆಗಳು ನನಗಿಲ್ಲವೆಂಬುದು ಗೊತ್ತಾಯಿತು. ಆದರೆ ಅದೇ ಹುಡುಗಿ ಪೊಟ್ಯಾಸಿಯಮ್ಮಿನ ಅಂಕಿ ಕೇಳಿದೊಡನೆ ದನಿ ಬದಲಿಸಿ, “ಕಾಕಾ, ಇದನ್ನ ಮುಂದಕ್ಕ ಹಾಕಬ್ಯಾಡ್ರಿ, ನಾಳೇನ ತೋರಿಸ್ರಿ” ಎಂದಳು. ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ.

ಪೊಟ್ಯಾಸಿಯಂ 5.8 ಎಂದಿದೆ, ಅವರು ಕೊಟ್ಟ ಮಿತಿ 3.5ರಿಂದ 5.1. ಕ್ರಿಯಾಟಿನಿನ್ 1.42 ಇದ್ದು, ಕಿಡ್ನಿ ಸೋಸುವ ಪ್ರಮಾಣವೆಂದು ತೋರಿಸಿರುವ ಇಜಿಎಫ್‌ಆರ್ 57ಕ್ಕೆ ಇಳಿದಿದೆ. ಎರಡು ವರ್ಷಗಳ ಹಿಂದೆ ಹರ್ನಿಯಾ ಆಪರೇಷನ್ನಿಗೆ ಮುನ್ನ ಮಾಡಿಸಿದಾಗ ಕ್ರಿಯಾಟಿನಿನ್ 1.0 ಇತ್ತು. ಆ ರಿಪೋರ್ಟನ್ನೂ ತಂದಿದ್ದೇನೆ. ಈ ಅಂಕಿಗಳಿಗೆ ಸಂಬಂಧಿಸಬಹುದಾದ ನಾಲ್ಕು ವಿಷಯಗಳನ್ನು, ಮುಜುಗರವಾದರೂ, ಮುಚ್ಚಿಡದೆ ಹೇಳಬೇಕು.

ಸಂಕ್ರಾಂತಿಯ ನಂತರ ಎಡ ಮೊಣಕಾಲಿನ ನೋವಿಗೆ ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ಗುಳಿಗೆ ತಂದು, ಮೊದಮೊದಲು ನೋವಿದ್ದ ದಿನ ಮಾತ್ರ, ಎರಡು ತಿಂಗಳಿಂದ ಹೆಚ್ಚುಕಡಿಮೆ ದಿನಕ್ಕೊಂದರಂತೆ ನುಂಗುತ್ತಿದ್ದೆ. ತಮಗೆ ಹೇಳಿರಲಿಲ್ಲ. ಎರಡನೆಯದಾಗಿ, ಬಿ.ಪಿ.ಗೆ ಒಳ್ಳೆಯದೆಂದು ಸೊಸೆ ಕಳಿಸಿದ ‘ಲೋ ಸೋಡಿಯಂ’ ಉಪ್ಪನ್ನು ಫೆಬ್ರವರಿಯಿಂದ ಅಡುಗೆಗೆ ಬಳಸುತ್ತಿದ್ದೇವೆ. ನಿನ್ನೆ ಪ್ಯಾಕೆಟ್ಟಿನ ಹಿಂಬದಿ ಓದಿದಾಗ, ಸೋಡಿಯಂ ಕಡಿಮೆ ಮಾಡಿ ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುವುದು ಕಂಡಿತು. ಮೂರನೆಯದು, ಬಿಸಿಲು ಏರಿದಾಗಿನಿಂದ ದಿನಕ್ಕೊಂದು, ಕೆಲವೊಮ್ಮೆ ಎರಡು ಎಳನೀರು. ನಾಲ್ಕನೆಯದು, ರಕ್ತ ಕೊಡುವ ಹಿಂದಿನ ಎರಡು ದಿನ ಬೇಸಿಗೆ ಭತ್ತದ ಕೊಯ್ಲಿಗಾಗಿ ಹೊಲದಲ್ಲೇ ಇದ್ದೆ, ನೀರು ಕುಡಿದದ್ದು ಕಡಿಮೆ, ಮೂತ್ರವೂ ಹಳದಿಯಾಗಿತ್ತು.

ಈಗ ಪ್ರಶ್ನೆಗಳು. ಟೆಲ್ಮಿಸಾರ್ಟನ್, ನೋವಿನ ಗುಳಿಗೆ, ಈ ಉಪ್ಪು ಮೂರೂ ಒಟ್ಟಿಗೆ ಸೇರಿ ಪೊಟ್ಯಾಸಿಯಮ್ಮನ್ನು ಏರಿಸಿರಬಹುದೇ? ನೋವಿನ ಗುಳಿಗೆ ಮತ್ತು ನೀರಿನ ಕೊರತೆಯಿಂದ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರಿದ್ದರೆ, ಎಷ್ಟು ದಿನಗಳಲ್ಲಿ ಇಳಿಯಬೇಕು? ಇಳಿಯದಿದ್ದರೆ ಅದನ್ನು ಕಿಡ್ನಿ ಕಾಯಿಲೆ ಎನ್ನಲು ಮೂರು ತಿಂಗಳು ಕಾದು ಮತ್ತೆ ನೋಡಬೇಕೆಂದು ಕೇಳಿದ್ದೇನೆ, ನನ್ನ ವಿಷಯದಲ್ಲೂ ಹಾಗೆಯೇ ಮಾಡುತ್ತೀರಾ? ಅಷ್ಟೊಂದು ಪರೀಕ್ಷೆಗಳ ಪ್ಯಾಕೇಜಿನಲ್ಲಿ ಮೂತ್ರದಲ್ಲಿ ಅಲ್ಬುಮಿನ್ ಸೋರುತ್ತಿದೆಯೇ ಎಂಬ ಪರೀಕ್ಷೆ ಇಲ್ಲ. ಅದನ್ನೂ ಕಿಡ್ನಿಯ ಸ್ಕ್ಯಾನಿಂಗನ್ನೂ ಈಗಲೇ ಮಾಡಿಸಬೇಕೇ? ಪೊಟ್ಯಾಸಿಯಂ ಏರಿದರೆ ಎದೆಬಡಿತಕ್ಕೆ ತೊಂದರೆಯೆಂದು ಅಣ್ಣನ ಮಗಳು ಹೇಳಿದ್ದರಿಂದ, ಇಂದೇ ಒಂದು ಇಸಿಜಿ ಬೇಕೇ?

ಇದರ ಜೊತೆಗೆ ಒಂದು ಅನುಮಾನವಿದೆ, ಅದನ್ನು ತಾವು ನಕ್ಕು ತಳ್ಳಿಹಾಕಿದರೂ ಬೇಸರವಿಲ್ಲ. ರಿಪೋರ್ಟಿನ ತಲೆಬರಹದಲ್ಲಿ ರಕ್ತ ತೆಗೆದ ಸಮಯ ಬೆಳಿಗ್ಗೆ 7:10, ಲ್ಯಾಬಿಗೆ ತಲುಪಿದ ಸಮಯ ಸಂಜೆ 7:35 ಎಂದಿದೆ. ಆ ಹುಡುಗ ನಮ್ಮ ಮನೆಯ ನಂತರ ಇನ್ನೂ ಮೂರು ಊರಿಗೆ ಬೈಕಿನಲ್ಲಿ ಹೋಗುವವನಿದ್ದ, ನಮ್ಮ ಕಡೆಯ ಏಪ್ರಿಲ್ ಬಿಸಿಲು ತಮಗೂ ಗೊತ್ತು. ರಕ್ತದ ಕೆಂಪು ಕಣಗಳು ಒಡೆದರೆ, ಅಥವಾ ಬೇರ್ಪಡಿಸದೆ ಬಹಳ ಹೊತ್ತು ಇಟ್ಟರೆ, ಕಣಗಳೊಳಗಿನ ಪೊಟ್ಯಾಸಿಯಂ ಹೊರಬಂದು ಅಂಕಿ ಸುಳ್ಳಾಗಿ ಏರುತ್ತದಂತೆ. ಹಾಗಿದ್ದರೆ ಬೇರೇನನ್ನೂ ನಿರ್ಧರಿಸುವ ಮೊದಲು ಇಲ್ಲಿಯೇ, ತಮ್ಮ ಲ್ಯಾಬಿನಲ್ಲಿ, ತಕ್ಷಣ ಪರೀಕ್ಷೆಗೆ ಹೋಗುವಂತೆ ಮತ್ತೆ ರಕ್ತ ಕೊಡಲೇ? ಆದರೆ ‘ಲ್ಯಾಬಿನ ತಪ್ಪಿರಬೇಕು’ ಎಂದುಕೊಂಡು ನಾನಾಗಿಯೇ ಸುಮ್ಮನಾಗುವುದು ಸರಿಯಲ್ಲವೆಂಬುದೂ ಗೊತ್ತಿದೆ. ಅದಕ್ಕೇ ಬಂದಿದ್ದೇನೆ.

ನಿನ್ನೆಯಿಂದ ನೋವಿನ ಗುಳಿಗೆ, ಆ ಉಪ್ಪು, ಎಳನೀರು ಮೂರನ್ನೂ ನಿಲ್ಲಿಸಿದ್ದೇನೆ. ಬಿ.ಪಿ. ಗುಳಿಗೆಯನ್ನು ಮಾತ್ರ ತಮ್ಮನ್ನು ಕೇಳದೆ ಬಿಟ್ಟಿಲ್ಲ, ಇಂದು ಬೆಳಿಗ್ಗೆಯೂ ತೆಗೆದುಕೊಂಡಿದ್ದೇನೆ. ಅದನ್ನು ಮುಂದುವರಿಸಲೇ, ಬದಲಿಸುತ್ತೀರಾ? ಮೊಣಕಾಲಿನ ನೋವಿಗೆ ಕಿಡ್ನಿಗೆ ಹೊರೆಯಾಗದ ಬೇರೆ ಔಷಧ ಯಾವುದು, ದಿನಕ್ಕೆ ಎಷ್ಟರವರೆಗೆ? ಮನೆಯಲ್ಲಿ ಒಬ್ಬರು ವೈದ್ಯರು ಕೊಟ್ಟ ಮೊಣಕಾಲಿನ ಚೂರ್ಣವೂ ಇದೆ, ಡಬ್ಬಿಯ ಮೇಲೆ ಏನೇನಿದೆಯೆಂದು ಬರೆದಿಲ್ಲ. ಡಬ್ಬಿಯನ್ನೇ ತಂದಿದ್ದೇನೆ. ಯೂರಿಕ್ ಆಮ್ಲ 7.6 ಇದೆ. ಹೆಬ್ಬೆರಳು ಎಂದೂ ಕೆಂಪಾಗಿ ಊದಿಲ್ಲ, ಕಲ್ಲಿನ ತೊಂದರೆಯೂ ಆಗಿಲ್ಲ. ಅದಕ್ಕೆ ಗುಳಿಗೆ ಬೇಕೇ, ಅಥವಾ ಕಿಡ್ನಿಯ ಅಂಕಿ ಸರಿಹೋದರೆ ಇದೂ ಸರಿಹೋಗುತ್ತದೆಯೇ?

ಎರಡನೆಯ ಗುಂಪು ರಕ್ತಹೀನತೆಯದು. ಹಿಮೋಗ್ಲೋಬಿನ್ 12.4, ಕೆಂಪು ಕಣದ ಗಾತ್ರವಾದ ಎಂಸಿವಿ 101, ಬಿ12 ವಿಟಮಿನ್ 162. ಅವರ ಪ್ರಕಾರ ಬಿ12 ಕನಿಷ್ಠ 211 ಇರಬೇಕು. ಐದಾರು ತಿಂಗಳಿಂದ ಎರಡೂ ಪಾದಗಳಲ್ಲಿ ಜುಮುಜುಮು ಎನ್ನುತ್ತದೆ, ಬೋರ್ಡಿನ ಮುಂದೆ ನಿಂತು ನಿಂತು ಹೀಗಾಗಿದೆ ಎಂದುಕೊಂಡಿದ್ದೆ. ಎದೆಯುರಿಗೆ ಮೂರು ವರ್ಷಗಳಿಂದ ಬೆಳಿಗ್ಗೆ ಪ್ಯಾಂಟಪ್ರಜೋಲ್ ತೆಗೆದುಕೊಳ್ಳುತ್ತಿದ್ದೇನೆ. ಮಾಂಸ ಮೊಟ್ಟೆ ತಿನ್ನದಿರುವುದು ಮತ್ತು ಈ ಗುಳಿಗೆ, ಎರಡೂ ಸೇರಿ ಬಿ12 ಇಳಿದಿದೆಯೇ? ಇಂಜೆಕ್ಷನ್ ಬೇಕೇ, ಗುಳಿಗೆ ಸಾಕೇ? ಪಾದದ ಜುಮು ಪೂರ್ತಿ ಹೋಗುತ್ತದೆಯೇ? ಪ್ಯಾಂಟಪ್ರಜೋಲನ್ನು ಹೇಗೆ ಬಿಡುವುದು, ಒಮ್ಮೆಲೇ ಬಿಟ್ಟಾಗ ಉರಿ ಇಮ್ಮಡಿಯಾಗಿ ಮತ್ತೆ ಶುರು ಮಾಡಿದ್ದೆ.

ಸಕ್ಕರೆಯ ವಿಷಯದಲ್ಲಿ ಎರಡು ಅಂಕಿಗಳು ಹೊಂದುತ್ತಿಲ್ಲ. ಬರಿಹೊಟ್ಟೆಯ ಸಕ್ಕರೆ 97 ಎಂದು ಕಪ್ಪಕ್ಷರದಲ್ಲಿದೆ, ಎಚ್‌ಬಿಎ1ಸಿ 6.2 ಎಂದು ಕೆಂಪಕ್ಷರದಲ್ಲಿದೆ. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎಂಬುದು ಗೊತ್ತು, ನಮ್ಮ ತಾಯಿಗೂ ಸಕ್ಕರೆ ಇತ್ತು. ಆದರೆ ಬಿ12 ಕೊರತೆಯಿದ್ದಾಗ ಎಚ್‌ಬಿಎ1ಸಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬಹುದೇ? ಅಥವಾ ಹನ್ನೆರಡು ಗಂಟೆಯ ಪ್ರಯಾಣದಲ್ಲಿ ಕೊಳವೆಯೊಳಗಿನ ಸಕ್ಕರೆಯೇ ಸ್ವಲ್ಪ ಕರಗಿತೇ? ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಪರೀಕ್ಷೆ ಮಾಡಿಸಿದರೆ ಸ್ಪಷ್ಟವಾಗುತ್ತದೆಯೇ? ಮೂರು ಹೊತ್ತಿನಲ್ಲಿ ಎರಡು ಹೊತ್ತು ಅನ್ನ ಉಣ್ಣುತ್ತೇನೆ. ಭತ್ತದ ನಾಡಿನಲ್ಲಿದ್ದು ಅನ್ನ ಬಿಡು ಎಂದರೆ ಕಷ್ಟ, ಆದರೆ ಒಂದು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯಕ್ಕೆ ಮರಳಬಲ್ಲೆ. ಪೊಟ್ಯಾಸಿಯಂ ಇಳಿಯುವವರೆಗೆ ಸೊಪ್ಪು, ಬೇಳೆ, ಬಾಳೆಹಣ್ಣುಗಳಲ್ಲಿ ಯಾವುದನ್ನು ಎಷ್ಟು ಬಿಡಬೇಕೆಂದು ನನ್ನ ಹೆಂಡತಿಗೆ ತಾವೇ ಹೇಳಿದರೆ ಉಪಕಾರ, ನಾನು ಹೇಳಿದರೆ ಆಕೆ ನಂಬುವುದಿಲ್ಲ.

ಕೊಲೆಸ್ಟ್ರಾಲ್: ಒಟ್ಟು 214, ಎಲ್‌ಡಿಎಲ್ 131, ಎಚ್‌ಡಿಎಲ್ 37, ಟ್ರೈಗ್ಲಿಸರೈಡ್ 232. ಹಿಂದಿನ ರಾತ್ರಿ ಹನ್ನೊಂದಕ್ಕೆ ಮದುವೆಯ ಊಟ ಮಾಡಿದ್ದೆ, ಬೆಳಿಗ್ಗೆ ಐದಕ್ಕೆ ಹಾಲು ಸಕ್ಕರೆ ಹಾಕಿದ ಅರ್ಧ ಕಪ್ ಚಹಾ ಕುಡಿದದ್ದನ್ನು ಆ ಹುಡುಗನಿಗೆ ಹೇಳಲಿಲ್ಲ. ಆದ್ದರಿಂದ ಟ್ರೈಗ್ಲಿಸರೈಡನ್ನು ನಿಜವಾದ ಬರಿಹೊಟ್ಟೆಯಲ್ಲಿ ಮತ್ತೆ ನೋಡಬೇಕೇ? ಬಿ.ಪಿ. ಇರುವ, 58 ವಯಸ್ಸಿನ ನನಗೆ ಸ್ಟ್ಯಾಟಿನ್ ಗುಳಿಗೆ ಆರಂಭಿಸುವ ಕಾಲ ಬಂದಿದೆಯೇ ಎಂಬುದನ್ನು ಈ ಒಂದು ಅಂಕಿಯಿಂದಲ್ಲದೆ ಒಟ್ಟು ಅಪಾಯ ನೋಡಿ ಹೇಳಿ. ಲಿವರಿನ ಎಸ್‌ಜಿಪಿಟಿ 61 ಇರುವುದಕ್ಕೆ ಡೈಕ್ಲೋಫೆನಾಕ್ ಕಾರಣವೋ, ಲಿವರಿನ ಕೊಬ್ಬೋ?

ಥೈರಾಯ್ಡಿನ ಟಿಎಸ್‌ಎಚ್ 6.4, ಟಿ3 ಮತ್ತು ಟಿ4 ಸರಿಯಾಗಿವೆ. ಈಗಲೇ ಗುಳಿಗೆ ಬೇಕೇ, ಎರಡು ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಿದರೆ ಸಾಕೇ? ವಿಟಮಿನ್ ಡಿ 13. ಇಷ್ಟು ಬಿಸಿಲಿನ ಜಿಲ್ಲೆಯಲ್ಲಿ ಇದೇಕೆ ಎಂಬುದು ಕುತೂಹಲ ಮಾತ್ರ. ಗುಳಿಗೆ ಬರೆದರೆ ವಾರಕ್ಕೊಂದೋ ದಿನಕ್ಕೊಂದೋ, ಎಷ್ಟು ವಾರ ಎಂಬುದನ್ನು ಚೀಟಿಯಲ್ಲಿ ದಯವಿಟ್ಟು ಬಿಡಿಸಿ ಬರೆಯಿರಿ. ಸಂಧಿವಾತಕ್ಕೆಂದು ನೋಡುವ ಆರ್‌ಎ ಫ್ಯಾಕ್ಟರ್ 22, ಮಿತಿ 20. ಬೆರಳಿನ ಗಂಟುಗಳಲ್ಲಿ ಬಾವಾಗಲಿ ಬೆಳಗಿನ ಬಿಗಿತವಾಗಲಿ ಇಲ್ಲ, ಇದನ್ನು ಮರೆಯಬಹುದೆಂದರೆ ಮರೆತುಬಿಡುತ್ತೇನೆ.

ಲ್ಯಾಬಿನವರು ಎರಡು ಬಾರಿ ಫೋನು ಮಾಡಿ, ಈ ರಿಪೋರ್ಟಿಗೆ ತಕ್ಕ ಪೌಷ್ಟಿಕ ಪುಡಿಗಳನ್ನೂ ಮೂರು ತಿಂಗಳಿಗೊಮ್ಮೆ ಇದೇ ಪ್ಯಾಕೇಜನ್ನೂ ತೆಗೆದುಕೊಳ್ಳಲು ಹೇಳಿದ್ದಾರೆ. ನಾನು ಏನನ್ನೂ ಕೊಂಡಿಲ್ಲ. 84ನ್ನೂ ಮತ್ತೆ ಮಾಡಿಸುವ ಬದಲು ಯಾವ ನಾಲ್ಕೈದು ಪರೀಕ್ಷೆಗಳನ್ನು, ಯಾವ ತಾರೀಖಿಗೆ, ಎಷ್ಟು ಗಂಟೆ ಉಪವಾಸವಿದ್ದು ಮಾಡಿಸಬೇಕೆಂದು ಬರೆದುಕೊಡಿ. ಮುಂದಿನ ಪರೀಕ್ಷೆಯವರೆಗೆ ಎದೆಬಡಿತ ತಪ್ಪಿದಂತಾಗುವುದು, ಕಾಲು ಸೋತು ಏಳಲಾಗದಿರುವುದು, ಮೂತ್ರ ಕಡಿಮೆಯಾಗುವುದು ಇಂಥದ್ದೇನಾದರೂ ಆದರೆ ರಾತ್ರಿಯೇ ರಾಯಚೂರಿಗೆ ಹೊರಡಬೇಕೇ, ಇಲ್ಲಿನ ತಾಲ್ಲೂಕು ಆಸ್ಪತ್ರೆಗೆ ಹೋದರೆ ಸಾಕೇ? ನಾವಿರುವುದು ನಾಲೆಯ ಆಚೆಯ ಹಳ್ಳಿಯಲ್ಲಿ. ರಾತ್ರಿ ಒಂಬತ್ತರ ನಂತರ ಬಸ್ಸಿಲ್ಲದ ಕಾರಣ ಇದನ್ನು ಮೊದಲೇ ತಿಳಿದಿದ್ದರೆ ಪಕ್ಕದ ಮನೆಯವರ ಗಾಡಿಗೆ ಹೇಳಿಡುತ್ತೇನೆ.

ಈ ಕಾಗದದ ಹಿಂದೆ ಎರಡು ವರ್ಷಗಳ ಹಿಂದಿನ ರಿಪೋರ್ಟು, ಈ ತಿಂಗಳು ಮನೆಯಲ್ಲಿ ನೋಡಿಕೊಂಡ ಹನ್ನೆರಡು ದಿನದ ಬಿ.ಪಿ. ಅಂಕಿಗಳು ಮತ್ತು ಹೊಸ ರಿಪೋರ್ಟಿನ ಮೊದಲ ಆರು ಪುಟಗಳ ಪ್ರತಿ ಇವೆ. ಗುಳಿಗೆಗಳ ಖಾಲಿ ಪಟ್ಟಿಗಳು, ಚೂರ್ಣದ ಡಬ್ಬಿ, ಉಪ್ಪಿನ ಪ್ಯಾಕೆಟ್ಟು ಚೀಲದಲ್ಲಿವೆ.